ದಾಸ್ತಾನಿನಲ್ಲಿ ಅಡಗಿದ ಲಾಭ: ಗ್ರೂಪ್ ಲೆಕ್ಕದಲ್ಲಿ ಎಷ್ಟು ತೆಗೆಯಬೇಕು, ಯಾರ ಪಾಲಿನಿಂದ?

ಪ್ರಶ್ನೆ: ಸರ್, ಸಬ್ಸಿಡಿಯರಿಯಲ್ಲಿ ನಮ್ಮ ಹೋಲ್ಡಿಂಗ್ ಕಂಪನಿಯ ಪಾಲು ಶೇ. 80. ಈ ವರ್ಷ ಸಬ್ಸಿಡಿಯರಿ ವೆಚ್ಚದ ಮೇಲೆ ಶೇ. 25 ಲಾಭ ಸೇರಿಸಿ ನಮಗೆ 60 ಲಕ್ಷದ ಮಾಲು ಮಾರಿದೆ. ವರ್ಷದ ಕೊನೆಗೆ ಅದರಲ್ಲಿ 15 ಲಕ್ಷದ್ದು ನಮ್ಮ ಗೋದಾಮಿನಲ್ಲೇ ಉಳಿದಿದೆ. ಮಾರಾಟ, ಖರೀದಿ ಎರಡರಿಂದಲೂ 60 ಲಕ್ಷ ತೆಗೆದೆ. ಆದರೂ ಸ್ಟಾಕ್‌ನಲ್ಲಿ ಲಾಭ ಉಳಿದಿದೆ ಅಂತ ಆಡಿಟರ್ ಹೇಳುತ್ತಾರೆ. 15 ಲಕ್ಷದ ಶೇ. 25, ಅಂದರೆ 3.75 ಲಕ್ಷ ತೆಗೆದರೆ ಸರಿಯೇ? ಪೂರ್ತಿ ತೆಗೆಯಬೇಕೋ, ಶೇ. 80 ಮಾತ್ರವೋ? ಮುಂದಿನ ವರ್ಷ ಈ ಎಂಟ್ರಿ ಏನಾಗುತ್ತದೆ?

ಉತ್ತರ: ತೆಗೆಯಬೇಕಾದ್ದು 3.75 ಅಲ್ಲ, 3 ಲಕ್ಷ. ಅದೂ ಪೂರ್ತಿ 3 ಲಕ್ಷ. ಶೇ. 80ರ ಮಾತು ಬರುವುದು ಅದಾದ ಮೇಲೆ, ಆ ಹೊರೆಯನ್ನು ಯಾರು ಯಾರು ಹೊರಬೇಕು ಎಂದು ಹಂಚುವಾಗ. ನಿಮ್ಮ ಆಡಿಟರ್ ಹೇಳಿದ್ದು ಸರಿ. ಹಾಗೆಂದು ನೀವು ಮಾಡಿದ್ದೂ ತಪ್ಪಲ್ಲ, ಅರ್ಧಕ್ಕೆ ನಿಂತಿದೆ ಅಷ್ಟೇ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಅವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಗೊಂದಲ ಹುಟ್ಟುತ್ತದೆ. ಮೊದಲನೆಯದು ಮಾರಾಟ ಮತ್ತು ಖರೀದಿಯನ್ನು ಅಳಿಸುವುದು. ಗ್ರೂಪ್ ತನಗೆ ತಾನೇ ಮಾಲು ಮಾರಲಾರದು, ಹಾಗಾಗಿ ಮಾಲು ಹೊರಗೆ ಹೋಗಿರಲಿ ಬಿಡಲಿ, ಈ 60 ಲಕ್ಷವೂ ಹೋಗಬೇಕು. ಒಂದು ಕಡೆ ಆದಾಯ, ಇನ್ನೊಂದು ಕಡೆ ವೆಚ್ಚ, ಎರಡೂ ಅಷ್ಟೇ ಇಳಿಯುವುದರಿಂದ ಲಾಭ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಎರಡನೆಯದು, ಉಳಿದ ಮಾಲಿನ ಬೆಲೆಯಲ್ಲಿ ಕೂತಿರುವ, ಇನ್ನೂ ಕೈಗೂಡದ ಲಾಭವನ್ನು ತೆಗೆಯುವುದು. ಲಾಭ ಮತ್ತು ದಾಸ್ತಾನು ಇಳಿಯುವುದು ಈ ಎರಡನೆಯ ಎಂಟ್ರಿಯಿಂದ.

ನಿಮ್ಮ ಅಂಕಿಗಳನ್ನೇ ಇಟ್ಟು ನೋಡೋಣ. ಸಬ್ಸಿಡಿಯರಿಗೆ ಈ ಮಾಲು ಬಿದ್ದ ವೆಚ್ಚ 48 ಲಕ್ಷ, ಮಾರಿದ್ದು 60ಕ್ಕೆ, ಅದರ ಪುಸ್ತಕದಲ್ಲಿ ಲಾಭ 12. ನೀವು ಆ 60ರಲ್ಲಿ 45 ಲಕ್ಷದ ಮಾಲನ್ನು ಹೊರಗಿನವರಿಗೆ 54 ಲಕ್ಷಕ್ಕೆ ಮಾರಿದ್ದೀರಿ ಎಂದುಕೊಳ್ಳೋಣ. ನಿಮ್ಮ ಪುಸ್ತಕದಲ್ಲಿ ಲಾಭ 9. ಎರಡನ್ನೂ ಸುಮ್ಮನೆ ಕೂಡಿದರೆ ಮಾರಾಟ 114, ಮಾರಿದ ಮಾಲಿನ ವೆಚ್ಚ 93, ಲಾಭ 21, ಸ್ಟಾಕ್ 15.

ಈಗ ಕಂಪನಿಗಳ ನಡುವಿನ ಗೋಡೆಯನ್ನು ಮರೆತು ಒಂದೇ ವ್ಯಾಪಾರವೆಂದು ನೋಡಿ. 48 ಲಕ್ಷಕ್ಕೆ ಬಿದ್ದ ಮಾಲಿನ ಮುಕ್ಕಾಲು ಭಾಗ ಹೊರಗೆ ಹೋಗಿದೆ. ಅದರ ವೆಚ್ಚ 36, ಬಂದದ್ದು 54, ಲಾಭ 18. ಉಳಿದ ಕಾಲು ಭಾಗದ ವೆಚ್ಚ 12. ನಾವು ತಲುಪಬೇಕಾದ ಜಾಗ ಇದು. ಎಂಟ್ರಿ ಬರೆಯುವ ಮುನ್ನ ಹೀಗೆ ಒಂದು ಚೀಟಿಯಲ್ಲಿ ಗುರಿಯ ಅಂಕಿಗಳನ್ನು ಬರೆದಿಟ್ಟುಕೊಂಡರೆ ಆಮೇಲೆ ಯಾರನ್ನೂ ಕೇಳಬೇಕಾಗುವುದಿಲ್ಲ.

ನಿಮ್ಮ ಮೊದಲ ಎಂಟ್ರಿಯಾದ ಮೇಲೆ ಮಾರಾಟ 54ಕ್ಕೆ ಬಂತು, ಅದು ಸರಿ. ವೆಚ್ಚ 93ರಿಂದ 33ಕ್ಕೆ ಇಳಿಯಿತು, ಆದರೆ ಇರಬೇಕಾದದ್ದು 36. ಈ 3 ಲಕ್ಷ ಎಲ್ಲಿ ಹೋಯಿತು? ನೀವು ವೆಚ್ಚದಿಂದ 60 ತೆಗೆದಿರಿ. ಆದರೆ ಆ 60ರಲ್ಲಿ 15 ಆಗಲೇ ವೆಚ್ಚದಿಂದ ಹೊರಬಂದು ಸ್ಟಾಕ್ ಆಗಿ ಬ್ಯಾಲೆನ್ಸ್ ಶೀಟಿನಲ್ಲಿ ಕೂತಿತ್ತು, 12ರ ಬದಲು 15 ಎಂಬ ಬೆಲೆ ಹೊತ್ತು. ಅದನ್ನು ಸರಿಪಡಿಸುವ ಎಂಟ್ರಿ ಹೀಗೆ:

ಮಾರಿದ ಮಾಲಿನ ವೆಚ್ಚ — ಡೆಬಿಟ್ 3
ದಾಸ್ತಾನು — ಕ್ರೆಡಿಟ್ 3

ವೆಚ್ಚ 36, ಲಾಭ 18, ಸ್ಟಾಕ್ 12. ಚೀಟಿಗೂ ಲೆಕ್ಕಕ್ಕೂ ತಾಳೆಯಾಯಿತು. ಕೆಲವರು ಮೊದಲ ಎಂಟ್ರಿಯಲ್ಲೇ 60ರ ಬದಲು ಹೊರಗೆ ಹೋದ 45 ಲಕ್ಷವನ್ನು ಮಾತ್ರ ಅಳಿಸುತ್ತಾರೆ, ಉಳಿದದ್ದು ಹೇಗೂ ಸ್ಟಾಕ್‌ನಲ್ಲಿದೆಯಲ್ಲ ಎಂಬ ನಂಬಿಕೆಯಿಂದ. ಆಗ ಯಾವ ಹೊರಗಿನ ಗ್ರಾಹಕನೂ ಕೊಳ್ಳದ 15 ಲಕ್ಷ ಗ್ರೂಪಿನ ವಹಿವಾಟಿನಲ್ಲಿ ಉಳಿದುಬಿಡುತ್ತದೆ.

ಇನ್ನು 3.75 ಎಲ್ಲಿಂದ ಬಂತು ಎಂಬುದು. ಸಬ್ಸಿಡಿಯರಿ ಶೇ. 25 ಸೇರಿಸಿದ್ದು ತನ್ನ ವೆಚ್ಚದ ಮೇಲೆ. ನಿಮ್ಮ ಗೋದಾಮಿನಲ್ಲಿರುವ 15 ಲಕ್ಷ ಮಾರಾಟ ಬೆಲೆ. ವೆಚ್ಚ 100 ಆದರೆ ಬೆಲೆ 125, ಅದರಲ್ಲಿ ಲಾಭ 25. ಹಾಗಾಗಿ 15 × 25 ÷ 125 = 3. ಲಾಭವನ್ನು ಮಾರಾಟ ಬೆಲೆಯ ಮೇಲೆ ಶೇ. 25 ಎಂದು ಹೇಳಿದ್ದರೆ ಮಾತ್ರ ನಿಮ್ಮ 3.75 ಸರಿ. ಗ್ರೂಪಿನೊಳಗಿನ ಬೆಲೆ ಒಪ್ಪಂದದಲ್ಲಿ ಬರೀ ‘ಶೇ. 25 ಮಾರ್ಜಿನ್’ ಎಂದಿದ್ದರೆ ಊಹಿಸಬೇಡಿ. ಒಂದೆರಡು ಇನ್‌ವಾಯ್ಸ್ ತೆಗೆದು ಮಾರಿದವರ ವೆಚ್ಚದ ಹಾಳೆಯ ಪಕ್ಕದಲ್ಲಿಟ್ಟು ನೋಡಿ.

ವೆಚ್ಚದ ಹಾಳೆ ತೆಗೆದಾಗ ಇನ್ನೊಂದನ್ನೂ ನೋಡಿಬಿಡಿ. ಮಾರಿದವರು ‘ವೆಚ್ಚ’ ಎಂದದ್ದರಲ್ಲಿ ಏನೇನು ಸೇರಿದೆ? ಎಷ್ಟೋ ಗ್ರೂಪ್‌ಗಳಲ್ಲಿ ಆಡಳಿತದ ಖರ್ಚನ್ನೂ ಸೇರಿಸಿದ ಪೂರ್ಣ ವೆಚ್ಚದ ಮೇಲೆ ಲಾಭ ಇಡುತ್ತಾರೆ. ಆದರೆ ಕಚೇರಿ ಆಡಳಿತ, ಮಾರಾಟ ವಿಭಾಗ ಇವುಗಳ ಖರ್ಚನ್ನು ದಾಸ್ತಾನಿನ ಬೆಲೆಯಲ್ಲಿ ಹೊರಿಸಲು ಐಎಎಸ್ 2 ಬಿಡುವುದಿಲ್ಲ. ಉದಾಹರಣೆಗೆ ಆ 100ರಲ್ಲಿ 8 ಇಂಥ ಖರ್ಚು ಎನ್ನಿ. ಗ್ರೂಪಿನ ಕಣ್ಣಿನಲ್ಲಿ ಮಾಲಿನ ವೆಚ್ಚ 92. ಬೆಲೆ 125. ಆಗ ತೆಗೆಯಬೇಕಾದದ್ದು 25 ಅಲ್ಲ, 33 ಪಾಲು: 15 × 33 ÷ 125 = 3.96 ಲಕ್ಷ. ಒಪ್ಪಂದದಲ್ಲಿ ಬರೆದ ಶೇಕಡಾವಾರನ್ನೇ ಹಿಡಿದು ಲೆಕ್ಕ ಹಾಕಿದವರಿಗೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ನಿಮ್ಮ ವಿಷಯದಲ್ಲಿ 48 ಲಕ್ಷ ಶುದ್ಧ ಉತ್ಪಾದನಾ ವೆಚ್ಚ ಎಂದೇ ಇಟ್ಟುಕೊಂಡು ಮುಂದೆ ಹೋಗುತ್ತೇನೆ.

ಇದರ ಎದುರು ದಿಕ್ಕಿನ ತಪ್ಪೂ ಒಂದಿದೆ. ಮಾಲನ್ನು ನಿಮ್ಮ ಗೋದಾಮಿಗೆ ತರಲು ಹೊರಗಿನ ಲಾರಿಯವರಿಗೆ ನೀವು ಕೊಟ್ಟ ಬಾಡಿಗೆ ಸ್ಟಾಕ್ ಬೆಲೆಯಲ್ಲಿ ಸೇರಿ ಅದು 15.30 ಲಕ್ಷ ಎಂದು ಕಾಣುತ್ತಿದ್ದರೆ, 15.30ರ ಮೇಲೆ ಶೇಕಡಾವಾರು ಹಾಕಬೇಡಿ. ಆ 30 ಸಾವಿರ ಗ್ರೂಪಿನ ಹೊರಗೆ ನಿಜವಾಗಿಯೂ ಹೋದ ಹಣ, ಅದರಲ್ಲಿ ಸಬ್ಸಿಡಿಯರಿಯ ಲಾಭ ಇಲ್ಲ. 3 ಲಕ್ಷ ತೆಗೆದ ಮೇಲೆ ಸ್ಟಾಕ್ 12.30 ಆಗಿ ನಿಲ್ಲುತ್ತದೆ.

ಈಗ ಶೇ. 80ರ ಪ್ರಶ್ನೆ. ಗ್ರೂಪಿನೊಳಗಿನ ವಹಿವಾಟಿನ ಲಾಭವನ್ನು ಪೂರ್ತಿಯಾಗಿ ತೆಗೆಯಬೇಕೆಂದು ಐಎಫ್‌ಆರ್‌ಎಸ್ 10 ಸ್ಪಷ್ಟವಾಗಿ ಹೇಳುತ್ತದೆ. ಕಾರಣ ಸರಳ. ಸಬ್ಸಿಡಿಯರಿಯ ಆಸ್ತಿ, ಮಾರಾಟ, ವೆಚ್ಚ ಎಲ್ಲವನ್ನೂ ನೀವು ನೂರಕ್ಕೆ ನೂರು ಸೇರಿಸುತ್ತೀರಿ, ಶೇ. 80 ಅಲ್ಲ. ಸ್ಟಾಕ್‌ನಲ್ಲಿ 60 ಸಾವಿರ ಲಾಭ ಉಳಿಸಿಕೊಂಡರೆ ಅದರ ಬೆಲೆ 12.60 ಆಗುತ್ತದೆ, ಆದರೆ ಗ್ರೂಪಿಗೆ ಆ ಮಾಲು ಬಿದ್ದದ್ದು 12. ಪಾಲಿನಷ್ಟು ಮಾತ್ರ ತೆಗೆಯುವುದು ಅಸೋಸಿಯೇಟ್ ಕಂಪನಿಯ ಜೊತೆಗಿನ ವ್ಯವಹಾರದಲ್ಲಿ, ಈಕ್ವಿಟಿ ವಿಧಾನದ ಲೆಕ್ಕದಲ್ಲಿ. ನಿಮ್ಮ ಗೊಂದಲಕ್ಕೆ ಬಹುಶಃ ಆ ನಿಯಮವೇ ಕಾರಣವಿರಬೇಕು.

ಹಂಚುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಲಾಭ ಬರೆದುಕೊಂಡದ್ದು ಯಾರ ಪುಸ್ತಕದಲ್ಲಿ? ಮಾರಿದ್ದು ಸಬ್ಸಿಡಿಯರಿ, ಲಾಭ ಅದರ ಪುಸ್ತಕದಲ್ಲಿದೆ, ಆ ಲಾಭದಲ್ಲಿ ಹೊರಗಿನ ಷೇರುದಾರರಿಗೆ ಶೇ. 20 ಪಾಲು ಲೆಕ್ಕ ಹಾಕುತ್ತೀರಿ. ಹಾಗಾಗಿ ತೆಗೆದದ್ದರಲ್ಲೂ ಶೇ. 20 ಅವರ ಪಾಲಿಗೆ ಬೀಳುವುದು ರೂಢಿಯಲ್ಲಿರುವ ಕ್ರಮ. ಮಾರಿದ್ದು ನೀವು, ಕೊಂಡದ್ದು ಸಬ್ಸಿಡಿಯರಿ ಆಗಿದ್ದರೆ ಲಾಭ ನಿಮ್ಮ ಪುಸ್ತಕದ್ದು, ಪೂರ್ತಿ 3 ಲಕ್ಷದ ಹೊರೆ ನಿಮ್ಮದೇ, ಹೊರಗಿನವರ ಪಾಲನ್ನು ಮುಟ್ಟುವುದಿಲ್ಲ. ಮಾಲು ಯಾರ ಗೋದಾಮಿನಲ್ಲಿದೆ ಎಂಬುದನ್ನು ನೋಡಿ ಹಂಚುವುದು ಪರೀಕ್ಷೆ ಬರೆಯುವವರಷ್ಟೇ ಮಾಡುವ ತಪ್ಪಲ್ಲ, ಕಚೇರಿಗಳಲ್ಲೂ ನಡೆಯುತ್ತದೆ.

ಹಂಚುವ ಮೊದಲು ತೆರಿಗೆಯನ್ನು ಮುಗಿಸಿಬಿಡಬೇಕು. ಗ್ರೂಪ್ ಲೆಕ್ಕದಲ್ಲಿ ಸ್ಟಾಕ್ 12, ಆದರೆ ನಿಮ್ಮ ತೆರಿಗೆ ಲೆಕ್ಕದಲ್ಲಿ ಅದು 15. ನೀವು ಅದನ್ನು ಮಾರಿದಾಗ 15 ಲಕ್ಷವೂ ವೆಚ್ಚವಾಗಿ ಸಿಗುತ್ತದೆ. ಈ 3 ಲಕ್ಷದ ಅಂತರಕ್ಕೆ ಐಎಎಸ್ 12ರ ಪ್ರಕಾರ ಡಿಫರ್ಡ್ ಟ್ಯಾಕ್ಸ್ ಆಸ್ತಿ ಬರೆಯಬೇಕು. ದರ ಮಾಲನ್ನು ಇಟ್ಟುಕೊಂಡವರದ್ದು, ಮಾರಿದವರದ್ದಲ್ಲ, ಏಕೆಂದರೆ ಮುಂದೆ ಆ ಕಡಿತ ಸಿಗುವುದು ಇಟ್ಟುಕೊಂಡವರಿಗೆ. ನಿಮ್ಮ ದರ ಶೇ. 25 ಎಂದಿಟ್ಟುಕೊಂಡರೆ 75 ಸಾವಿರ:

ಡಿಫರ್ಡ್ ಟ್ಯಾಕ್ಸ್ ಆಸ್ತಿ — ಡೆಬಿಟ್ 0.75
ಡಿಫರ್ಡ್ ಟ್ಯಾಕ್ಸ್ ವೆಚ್ಚ — ಕ್ರೆಡಿಟ್ 0.75

ಅಮೆರಿಕದ ಲೆಕ್ಕ ನಿಯಮಗಳನ್ನು ಪಾಲಿಸುವ ಗ್ರೂಪ್ ಆದರೆ ಇಲ್ಲಿ ದಾರಿ ಬೇರೆ. ಅಲ್ಲಿ ದಾಸ್ತಾನಿನ ವಿಷಯದಲ್ಲಿ ಮಾರಿದವರು ಕಟ್ಟಿದ ತೆರಿಗೆಯನ್ನು ಮುಂದೂಡುತ್ತಾರೆ, ಕೊಂಡವರ ದರದಲ್ಲಿ ಡಿಫರ್ಡ್ ಟ್ಯಾಕ್ಸ್ ಬರೆಯುವುದಿಲ್ಲ.

ತೆರಿಗೆ ಕಳೆದ ಮೇಲೆ ನಿಜವಾಗಿ ಇಳಿದ ಲಾಭ 2.25 ಲಕ್ಷ. ಸಬ್ಸಿಡಿಯರಿಯ ಈ ವರ್ಷದ ಒಟ್ಟು ನಿವ್ವಳ ಲಾಭ 40 ಲಕ್ಷ ಎನ್ನಿ. ಹೊರಗಿನ ಷೇರುದಾರರ ಪಾಲು 40ರ ಶೇ. 20 ಆದ 8 ಲಕ್ಷ ಅಲ್ಲ. 37.75ರ ಶೇ. 20, ಅಂದರೆ 7.55 ಲಕ್ಷ. ಅವರ ಪಾಲಿನಿಂದ 45 ಸಾವಿರ, ನಿಮ್ಮ ಪಾಲಿನಿಂದ 1.80 ಲಕ್ಷ ಇಳಿಯಿತು. ವರದಿಯಲ್ಲಿ ಹೊರಗಿನವರ ಪಾಲು ಸಬ್ಸಿಡಿಯರಿಯ ಪ್ರತ್ಯೇಕ ಲೆಕ್ಕದ ಲಾಭದ ಸರಿಯಾಗಿ ಶೇ. 20 ಆಗಿಯೇ ಬಂದಿದ್ದರೆ, ಈ ಹಂಚಿಕೆ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.

ಮುಂದಿನ ವರ್ಷದ ವಿಷಯಕ್ಕೆ ಬರೋಣ, ಜನ ಹೆಚ್ಚು ಎಡವುವುದು ಅಲ್ಲೇ. ಈ ಎಂಟ್ರಿಗಳನ್ನು ನೀವು ಯಾವ ಕಂಪನಿಯ ಲೆಡ್ಜರಿನಲ್ಲೂ ಬರೆದಿಲ್ಲ, ಗ್ರೂಪ್ ವರ್ಕ್‌ಶೀಟಿನಲ್ಲಿ ಮಾತ್ರ ಬರೆದಿದ್ದೀರಿ. ಮುಂದಿನ ವರ್ಷ ಎರಡು ಟ್ರಯಲ್ ಬ್ಯಾಲೆನ್ಸ್ ತಂದು ಕೂಡಿದಾಗ ಸಬ್ಸಿಡಿಯರಿಯ ಆರಂಭಿಕ ಮೀಸಲಿನಲ್ಲಿ ಆ 3 ಲಕ್ಷ ಏನೂ ಆಗದಂತೆ ಮತ್ತೆ ಕೂತಿರುತ್ತದೆ. ನಿಮ್ಮ ಆರಂಭಿಕ ಸ್ಟಾಕ್ ಕೂಡ 15 ಎಂದೇ ಬಂದು, ಮಾಲು ಹೊರಗೆ ಹೋದಾಗ ವೆಚ್ಚ 3 ಲಕ್ಷ ಹೆಚ್ಚಾಗಿ ಕಾಣುತ್ತದೆ. ಗ್ರೂಪಿಗೆ ಆ ಲಾಭ ಕೈಗೂಡಿದ್ದು ಈ ಎರಡನೇ ವರ್ಷದಲ್ಲಿ, ಹಾಗಾಗಿ ಅದನ್ನು ಹಿಂದಿನಿಂದ ಎತ್ತಿ ಈ ವರ್ಷಕ್ಕೆ ತರಬೇಕು:

ಆರಂಭಿಕ ಉಳಿಕೆ ಲಾಭ — ಡೆಬಿಟ್ 1.80
ಹೊರಗಿನ ಷೇರುದಾರರ ಆರಂಭಿಕ ಪಾಲು — ಡೆಬಿಟ್ 0.45
ಡಿಫರ್ಡ್ ಟ್ಯಾಕ್ಸ್ ವೆಚ್ಚ — ಡೆಬಿಟ್ 0.75
ಮಾರಿದ ಮಾಲಿನ ವೆಚ್ಚ — ಕ್ರೆಡಿಟ್ 3

ಎರಡನೇ ವರ್ಷದ ಕೊನೆಗೆ ಸಬ್ಸಿಡಿಯರಿಯಿಂದ ಬಂದ ಬೇರೆ ಮಾಲು 20 ಲಕ್ಷದ್ದು ಉಳಿದಿದೆ, ಲಾಭದ ದರ ಅದೇ ಎಂದುಕೊಳ್ಳಿ. ಅದರಲ್ಲಿ ಅಡಗಿದ ಲಾಭ 4. ಆ ವರ್ಷದ ಎಂಟ್ರಿಯಲ್ಲಿ ಪೂರ್ತಿ 4 ಲಕ್ಷ ವೆಚ್ಚಕ್ಕೆ ಡೆಬಿಟ್, ದಾಸ್ತಾನಿಗೆ ಕ್ರೆಡಿಟ್, ಅದರ ಜೊತೆ 1 ಲಕ್ಷ ಡಿಫರ್ಡ್ ಟ್ಯಾಕ್ಸ್. ಆರಂಭಿಕ ಎಂಟ್ರಿಯ 3, ಅಂತಿಮ ಎಂಟ್ರಿಯ 4 ಎರಡೂ ಸೇರಿ ಆ ವರ್ಷದ ತೆರಿಗೆಪೂರ್ವ ಲಾಭ ಇಳಿಯುವುದು 1 ಲಕ್ಷ ಮಾತ್ರ, ತೆರಿಗೆ ಕಳೆದರೆ 75 ಸಾವಿರ.

ಇದನ್ನು ನೋಡಿದವರಿಗೆ ಒಂದು ಅಡ್ಡದಾರಿ ಹೊಳೆಯುತ್ತದೆ: ಹೇಗೂ ವ್ಯತ್ಯಾಸ 1 ಲಕ್ಷ ತಾನೇ, ಅಷ್ಟನ್ನೇ ವೆಚ್ಚಕ್ಕೆ ಡೆಬಿಟ್ ಮಾಡಿ ಸ್ಟಾಕ್‌ಗೆ ಕ್ರೆಡಿಟ್ ಮಾಡಿದರಾಯಿತು. ಲಾಭ ಸರಿಯಾಗಿಯೇ ಬರುತ್ತದೆ, ಮೋಸ ಇರುವುದೇ ಅಲ್ಲಿ. ಸ್ಟಾಕ್ 16 ಆಗಬೇಕಾದಲ್ಲಿ 19 ಆಗಿ ನಿಲ್ಲುತ್ತದೆ, ಹಳೆಯ 3 ಲಕ್ಷ ಆರಂಭಿಕ ಮೀಸಲಿನಲ್ಲಿ ಮರಳಿ ಬಂದಿರುತ್ತದೆ. ಕಂಡುಹಿಡಿಯುವುದು ಸುಲಭ. ಈಕ್ವಿಟಿ ಬದಲಾವಣೆಯ ಪಟ್ಟಿಯ ಆರಂಭಿಕ ಸಾಲು ಹಿಂದಿನ ವರ್ಷ ಸಹಿಯಾದ ಗ್ರೂಪ್ ಲೆಕ್ಕದ ಅಂತಿಮ ಸಾಲಿಗೆ ಕೂಡುತ್ತದೆಯೇ ನೋಡಿ. ಉಳಿಕೆ ಲಾಭದಲ್ಲಿ 1.80, ಹೊರಗಿನವರ ಪಾಲಿನಲ್ಲಿ 0.45 ವ್ಯತ್ಯಾಸ ಬಂದರೆ ಬಿಟ್ಟುಹೋದದ್ದು ಈ ಆರಂಭಿಕ ಎಂಟ್ರಿಯೇ.

ಹಳೆಯ 15 ಲಕ್ಷದ ಮಾಲೇ ಎರಡನೇ ವರ್ಷವೂ ಮಾರಾಟವಾಗದೆ ಉಳಿದರೆ, ಆರಂಭಿಕ ಎಂಟ್ರಿಯೂ ಬರುತ್ತದೆ, ಅಂತಿಮ ಎಂಟ್ರಿಯೂ ಬರುತ್ತದೆ, ಲಾಭದ ಮೇಲೆ ಪರಿಣಾಮ ಸೊನ್ನೆ. ಆದರೆ ಆಗ ಇನ್ನೊಂದು ಪ್ರಶ್ನೆ ಏಳುತ್ತದೆ: ಆ ಮಾಲು ಈಗ ಎಷ್ಟಕ್ಕೆ ಹೋಗುತ್ತದೆ?

ಒಂದು ವರ್ಷ ಗೋದಾಮಿನಲ್ಲಿದ್ದ ಮಾಲಿಗೆ ನಿಮ್ಮ ಲೆಕ್ಕದವರು ಆಗಲೇ ಬೆಲೆ ಇಳಿಸಿರಬಹುದು. ಮಾರಿದರೆ ನಿವ್ವಳ 13 ಸಿಗುತ್ತದೆ ಎಂದು 15ರಿಂದ 13ಕ್ಕೆ ಇಳಿಸಿ 2 ಲಕ್ಷ ನಷ್ಟ ಬರೆದಿದ್ದಾರೆ ಎನ್ನಿ. ಈಗ ಅದರ ಮೇಲೆ 3 ಲಕ್ಷ ತೆಗೆದರೆ ಸ್ಟಾಕ್ 10 ಆಗುತ್ತದೆ. ಗ್ರೂಪಿಗೆ ವೆಚ್ಚ 12, ಸಿಗುವುದು 13, ಎರಡರಲ್ಲಿ ಕಡಿಮೆ 12. ಆದ್ದರಿಂದ ಇನ್ನು ತೆಗೆಯಬೇಕಾದ್ದು 1 ಲಕ್ಷ ಮಾತ್ರ. ನೀವು ಬರೆದ ಆ 2 ಲಕ್ಷ ‘ನಷ್ಟ’ ಗ್ರೂಪಿನ ಕಣ್ಣಿನಲ್ಲಿ ನಷ್ಟವೇ ಅಲ್ಲ, ಅಡಗಿದ್ದ ಲಾಭದ ಒಂದು ಭಾಗ ಬೇರೆ ಹೆಸರಿನಲ್ಲಿ ಹೊರಬಂದಿದೆ ಅಷ್ಟೇ. ಹಾಗಾಗಿ ಅದನ್ನು ಗ್ರೂಪಿನ ಟಿಪ್ಪಣಿಯಲ್ಲಿ ದಾಸ್ತಾನು ಬೆಲೆ ಇಳಿಕೆ ಎಂದು ತೋರಿಸಬಾರದು. ಸಿಗುವ ಬೆಲೆ 11ಕ್ಕೆ ಇಳಿದಿದ್ದರೆ ನಿಮ್ಮ ಪುಸ್ತಕದಲ್ಲಿ 4 ಲಕ್ಷ ನಷ್ಟ ಬರೆದಿರುತ್ತೀರಿ. ಅದರಲ್ಲಿ 3 ಅಡಗಿದ ಲಾಭ, 1 ನಿಜವಾದ ನಷ್ಟ, ಸ್ಟಾಕ್‌ನಿಂದ ಇನ್ನೇನೂ ತೆಗೆಯುವಂತಿಲ್ಲ. ಈ ಎರಡು ಬಾರಿ ಕಡಿತ ಯಾವ ತಾಳೆ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ. ನಿಧಾನವಾಗಿ ಹೋಗುವ ಮಾಲಿನ ಪ್ರಾವಿಷನ್ ಪಟ್ಟಿಯನ್ನೂ ಗ್ರೂಪಿನೊಳಗಿನ ಮಾಲಿನ ಪಟ್ಟಿಯನ್ನೂ ಐಟಂ ಐಟಂ ಆಗಿ ಪಕ್ಕಪಕ್ಕ ಇಟ್ಟರೆ ಮಾತ್ರ ಕಾಣುತ್ತದೆ.

ಕೊನೆಗೆ, ಆ 15 ಲಕ್ಷ ಎಂಬ ಅಂಕಿಯನ್ನೇ ಒಮ್ಮೆ ಅನುಮಾನದಿಂದ ನೋಡಿ. ಶೇಕಡಾವಾರಿನ ಮೇಲೆ ಎಲ್ಲರೂ ಚರ್ಚೆ ಮಾಡುತ್ತಾರೆ, ದೊಡ್ಡ ವ್ಯತ್ಯಾಸ ಬರುವುದು ಮಾತ್ರ ಉಳಿದ ಮಾಲಿನ ಲೆಕ್ಕದಲ್ಲಿ.

ದಾರಿಯಲ್ಲಿರುವ ಮಾಲು ಒಂದು. ಸಬ್ಸಿಡಿಯರಿ 60 ಲಕ್ಷ ಮಾರಾಟ ತೋರಿಸಿ, ನೀವು ಖರೀದಿ 56 ತೋರಿಸುತ್ತಿದ್ದರೆ, ಆ 4 ಲಕ್ಷವನ್ನು ವ್ಯತ್ಯಾಸ ಎಂದು ಯಾವುದೋ ಖಾತೆಗೆ ತಳ್ಳಬೇಡಿ. ಮಾಲು ಅವರಿಂದ ಹೊರಟಿದೆ, ನಿಮ್ಮ ಗೇಟಿಗೆ ಬಂದಿಲ್ಲ. ಗ್ರೂಪಿನ ದೃಷ್ಟಿಯಲ್ಲಿ ಅದು ಎಲ್ಲಿಗೂ ಹೋಗಿಲ್ಲ. ಮೊದಲು ವರ್ಕ್‌ಶೀಟಿನಲ್ಲಿ ದಾರಿಯಲ್ಲಿರುವ ಮಾಲು 4 ಡೆಬಿಟ್, ಸಬ್ಸಿಡಿಯರಿಗೆ ಕೊಡಬೇಕಾದದ್ದು 4 ಕ್ರೆಡಿಟ್ ಮಾಡಿ. ಖರೀದಿ ಖಾತೆಯ ಮೂಲಕ ಹಾದುಬರುವಂತೆ ಬರೆದರೆ 60ಕ್ಕೆ 60 ತಾಳೆಯಾಗಿ ಅಳಿಸಿಹೋಗುತ್ತದೆ, ಕೊಡುವ-ಬರುವ ಬಾಕಿಗಳೂ ಹೊಂದುತ್ತವೆ. ಆಮೇಲೆ ಲಾಭ ತೆಗೆಯುವುದು 15ರ ಮೇಲಲ್ಲ, 19ರ ಮೇಲೆ: 19 × 25 ÷ 125 = 3.80.

ಇನ್ನೊಂದು, ನೀವು ಆ ಮಾಲನ್ನು ಹಾಗೇ ಮಾರದೆ ಕಚ್ಚಾ ವಸ್ತುವಾಗಿ ಬಳಸುವವರಾಗಿದ್ದರೆ. ಗೋದಾಮಿನ ಕಚ್ಚಾ ವಸ್ತುಗಳ ಪಟ್ಟಿಯಲ್ಲಿ ಕಾಣುವ 15 ಪೂರ್ತಿ ಕಥೆಯಲ್ಲ. ಅದೇ ಮಾಲು ಅರ್ಧ ತಯಾರಾದ ವಸ್ತುವಿನಲ್ಲೂ, ತಯಾರಾಗಿ ಕೂತ ವಸ್ತುವಿನಲ್ಲೂ ಸೇರಿಹೋಗಿರುತ್ತದೆ, ಸಬ್ಸಿಡಿಯರಿಯ ಲಾಭವನ್ನೂ ಹೊತ್ತುಕೊಂಡು. ನಿಮ್ಮ ತಯಾರಾದ ಸ್ಟಾಕ್ 100 ಲಕ್ಷ ಇದ್ದು, ಬಿಲ್ ಆಫ್ ಮೆಟೀರಿಯಲ್ಸ್ ಪ್ರಕಾರ ಅದರಲ್ಲಿ 30 ಲಕ್ಷ ಸಬ್ಸಿಡಿಯರಿಯಿಂದ ಬಂದದ್ದಾದರೆ, ಅಲ್ಲೂ 30 × 25 ÷ 125 = 6 ಲಕ್ಷ ತೆಗೆಯಬೇಕು. ಉಳಿದ 70 ನಿಮ್ಮ ಕೂಲಿ, ವಿದ್ಯುತ್, ಹೊರಗಿನ ಸಾಮಗ್ರಿ, ಅದನ್ನು ಮುಟ್ಟಬಾರದು. ಇದಕ್ಕಾಗಿ ವರ್ಷದ ಕೊನೆಯ ಸ್ಟಾಕ್ ಎಣಿಕೆಗೆ ಮುಂಚೆಯೇ ಐಟಂ ಮಾಸ್ಟರಿನಲ್ಲಿ ಗ್ರೂಪಿನೊಳಗಿಂದ ಬರುವ ವಸ್ತುಗಳಿಗೆ ಬೇರೆ ಗುರುತು ಹಾಕಿಸಿಕೊಳ್ಳಿ. ಎಣಿಕೆ ಮುಗಿದ ಮೇಲೆ ಯಾವುದು ಎಲ್ಲಿಂದ ಬಂತು ಎಂದು ಹುಡುಕುವುದು ಬಹಳ ಕಷ್ಟ, ಅದರಲ್ಲೂ ಅದೇ ವಸ್ತುವನ್ನು ಹೊರಗಿನವರಿಂದಲೂ ಕೊಳ್ಳುವ ಪದ್ಧತಿ ಇದ್ದರೆ.